ನಡುವೆಯೇ ಜೆಆರ್‌ಎಫ್ ಬಿಟ್ಟುಕೊಟ್ಟದ್ದು: ಪತ್ರ ಮತ್ತು ಹಣದ ಲೆಕ್ಕ

ಪಿಎಚ್‌ಡಿ ಸಂಶೋಧಕರಿಗೆ ಯುಜಿಸಿ ಕೊಡುವ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್, ಒಟ್ಟು ಐದು ವರ್ಷದ್ದು. ಮೊದಲ ಎರಡು ವರ್ಷ ಜೆಆರ್‌ಎಫ್ ಆಗಿ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ ಸೀನಿಯರ್ ಫೆಲೋಶಿಪ್, ಅಂದರೆ ಎಸ್‌ಆರ್‌ಎಫ್ ಆಗಿ 42,000 ರೂಪಾಯಿ. 2023ರ ಜನವರಿ 1ರಿಂದ ಈ ದರ ಜಾರಿಯಲ್ಲಿದೆ. ನಾನು ಕನ್ನಡ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತ ಎರಡನೇ ವರ್ಷದಲ್ಲಿದ್ದಾಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೇಮಕಾತಿ ಆದೇಶ ಬಂತು. ಆದೇಶ ಕೈಗೆ ಬಂದ ಮೇಲೆ ಫೆಲೋಶಿಪ್ ಬಿಟ್ಟುಕೊಟ್ಟೆ. ಆ ಕೆಲಸವನ್ನು ಹೇಗೆ ಮಾಡಿದೆ, ಎಲ್ಲಿ ತಪ್ಪಾಗುತ್ತದೆ ಎಂಬುದನ್ನು ಬರೆಯುತ್ತಿದ್ದೇನೆ. ಸಿಎಸ್‌ಐಆರ್, ಇನ್‌ಸ್ಪೈರ್ ಮುಂತಾದ ಬೇರೆ ಫೆಲೋಶಿಪ್‌ಗಳಲ್ಲಿ ವಿವರ ಬೇರೆ ಇರುತ್ತದೆ, ಆದರೆ ಪತ್ರದ ತಿರುಳು ಹೆಚ್ಚುಕಮ್ಮಿ ಒಂದೇ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಇಷ್ಟು ದಿನ ತೆಗೆದುಕೊಂಡದ್ದನ್ನೆಲ್ಲ ವಾಪಸು ಕಟ್ಟಬೇಕೇ ಎಂಬುದು. ಜೆಆರ್‌ಎಫ್‌ಗೆ ಬಾಂಡ್ ಇಲ್ಲ. ಪೂರ್ಣಾವಧಿ ಸಂಶೋಧನೆ ಮಾಡಿದ ದಿನಗಳ ಹಣ ನಿಮ್ಮದೇ. ವಾಪಸು ಹೋಗಬೇಕಾದದ್ದು ಬಿಟ್ಟ ದಿನದ ನಂತರದ ಅವಧಿಗೆ ಖಾತೆಗೆ ಬಂದ ಹಣ ಮಾತ್ರ. ಸೇರುವಾಗ ನೀವೇ ಸಹಿ ಮಾಡಿಕೊಟ್ಟ ಮುಚ್ಚಳಿಕೆಯಲ್ಲಿ, ಬೇರೆ ಯಾವ ಮೂಲದಿಂದಲೂ ಸಂಬಳವನ್ನಾಗಲಿ ಇನ್ನೊಂದು ಫೆಲೋಶಿಪ್ಪನ್ನಾಗಲಿ ಪಡೆಯುವುದಿಲ್ಲ ಎಂದಿರುತ್ತದೆ. ಅದರ ಪ್ರತಿಯನ್ನು ಹುಡುಕಿ ಇನ್ನೊಮ್ಮೆ ಓದಿ. ವಿದೇಶದ ಕೆಲವು ವಿದ್ಯಾರ್ಥಿವೇತನಗಳಲ್ಲಿ, ರಾಜ್ಯ ಸರ್ಕಾರದ ಕೆಲವು ಯೋಜನೆಗಳಲ್ಲಿ ಈ ಷರತ್ತು ಬೇರೆಯೇ ಇರಬಹುದು. ಅಲ್ಲೆಲ್ಲ ನೀವು ಸಹಿ ಹಾಕಿದ ಕಾಗದದಲ್ಲಿ ಇರುವುದೇ ಅಂತಿಮ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಫೆಲೋಶಿಪ್ ಬಿಡುವುದು ಬೇರೆ, ಪಿಎಚ್‌ಡಿ ನೋಂದಣಿ ರದ್ದು ಮಾಡಿಸುವುದು ಬೇರೆ. ಫೆಲೋಶಿಪ್ ಬಿಟ್ಟರೆ ನೆಟ್ ಅರ್ಹತೆಯೂ ಹೋಗುವುದಿಲ್ಲ. ಕೆಲಸದಲ್ಲಿದ್ದುಕೊಂಡೇ ಪಿಎಚ್‌ಡಿ ಮುಗಿಸಬೇಕೆಂದಿದ್ದರೆ ಅರೆಕಾಲಿಕಕ್ಕೆ ಬದಲಾಯಿಸಿಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕ ಅರ್ಜಿ ಕೊಡಬೇಕು. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿದೆ. ಅದಕ್ಕೆ ಕೆಲಸ ಕೊಟ್ಟ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಸಂಶೋಧನೆಗೆ ಸಮಯ ಸಿಗುವಂಥ ಕರ್ತವ್ಯ ಇವರದು, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂಬ ಮೂರು ಮಾತುಗಳು ಅದರಲ್ಲಿರಬೇಕು. ಈ ಅರ್ಜಿಯನ್ನು ಫೆಲೋಶಿಪ್ ಬಿಡುವ ಪತ್ರದೊಳಗೆ ತುರುಕಬೇಡಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದು ಪಿಎಚ್‌ಡಿ ವಿಭಾಗದ ಕಡತಕ್ಕೆ ಸೇರಿಕೊಳ್ಳುತ್ತದೆ. ಫೆಲೋಶಿಪ್ ನೋಡುವ ಮೇಜಿಗೆ ಸುದ್ದಿಯೇ ಮುಟ್ಟುವುದಿಲ್ಲ, ಹಣ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ.

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾವ ಪತ್ರವನ್ನೂ ಕೊಡಬೇಡಿ. ಆಯ್ಕೆ ಪಟ್ಟಿಗೂ ನೇಮಕಾತಿ ಆದೇಶಕ್ಕೂ ನಡುವೆ ದಾಖಲೆ ಪರಿಶೀಲನೆ, ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ವರದಿ ಎಂದು ತಿಂಗಳುಗಳೇ ಉರುಳುತ್ತವೆ. ಯಾರಾದರೂ ನ್ಯಾಯಾಲಯಕ್ಕೆ ಹೋದರೆ ಇನ್ನೂ ತಡ. ಒಮ್ಮೆ ಬಿಟ್ಟ ಫೆಲೋಶಿಪ್ ಹಿಂದಕ್ಕೆ ಬರುತ್ತದೆಂದು ನಂಬಿಕೊಳ್ಳುವಂತಿಲ್ಲ. ಆದೇಶ ಕೈಗೆ ಬಂದಾಗ ವರದಿ ಮಾಡಿಕೊಳ್ಳಲು ಎಷ್ಟು ದಿನ ಎಂಬುದು ಅದರಲ್ಲೇ ಇರುತ್ತದೆ. ಆ ದಿನಗಳೊಳಗೇ ಇಲ್ಲಿಂದ ಬಿಡುಗಡೆಯಾಗಬೇಕು. ಬಂದಿರುವುದು ಅತಿಥಿ ಉಪನ್ಯಾಸಕರ ಹುದ್ದೆಯಂಥ ತಾತ್ಕಾಲಿಕ ಕೆಲಸವಾದರೆ ರಾಜೀನಾಮೆಗೆ ಮುಂಚೆ ಇನ್ನೊಂದು ದಾರಿ ನೋಡಿ. ಯುಜಿಸಿ ಮಾರ್ಗಸೂಚಿಯಲ್ಲಿ ಬೋಧನಾ ಕೆಲಸಕ್ಕಾಗಿ ಫೆಲೋಶಿಪ್ ಹಣವಿಲ್ಲದ ಶೈಕ್ಷಣಿಕ ರಜೆಗೆ ಅವಕಾಶವಿದೆ. ರಜೆಯ ಕಾಲ ಒಟ್ಟು ಅವಧಿಯಲ್ಲೇ ಕಳೆದುಹೋಗುತ್ತದೆ, ಆದರೂ ಪೂರ್ತಿ ಕೈಬಿಡುವುದಕ್ಕಿಂತ ಅದು ಮೇಲು.

ಇಡೀ ವ್ಯವಹಾರ ನಿಂತಿರುವುದು ಒಂದು ತಾರೀಖಿನ ಮೇಲೆ, ಫೆಲೋಶಿಪ್‌ನ ಕೊನೆಯ ದಿನದ ಮೇಲೆ. ನಿಮ್ಮ ಪತ್ರದಲ್ಲಿ, ಗೈಡ್ ಬರೆಯುವ ಶಿಫಾರಸಿನಲ್ಲಿ, ವಿಶ್ವವಿದ್ಯಾಲಯದ ಬಿಡುಗಡೆ ಪತ್ರದಲ್ಲಿ, ಪೋರ್ಟಲ್‌ನಲ್ಲಿ, ಈ ನಾಲ್ಕು ಕಡೆಯೂ ಅದು ಒಂದೇ ಇರಬೇಕು. ಹೊಸ ಕಾಲೇಜಿನ ಕಾರ್ಯವರದಿಯ ತಾರೀಖು ಅದರ ಮರುದಿನದ್ದೋ ಅದಕ್ಕೂ ಆಚೆಯದ್ದೋ ಆಗಿರಬೇಕು. ನಾನು ಆಗಸ್ಟ್ 12ರ ಪೂರ್ವಾಹ್ನ ಕೆಲಸಕ್ಕೆ ವರದಿ ಮಾಡಿಕೊಂಡೆ. ಪೂರ್ವಾಹ್ನ ಸೇರಿದರೆ ಆ ದಿನದಿಂದಲೇ ಸಂಬಳ. ಹಾಗಾಗಿ ಫೆಲೋಶಿಪ್‌ನ ಕೊನೆಯ ದಿನ ಆಗಸ್ಟ್ 11, ಬಿಡುಗಡೆ ‘11ರ ಅಪರಾಹ್ನ’ದಿಂದ. ಈ ಪೂರ್ವಾಹ್ನ, ಅಪರಾಹ್ನ ಎಂಬ ಪದಗಳನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳಲೇಬೇಕು. ಬರೀ ತಾರೀಖು ಹಾಕಿ 12ಕ್ಕೆ ಬಿಡುಗಡೆ, 12ಕ್ಕೇ ವರದಿ ಎಂದಾದರೆ ಒಂದೇ ದಿನಕ್ಕೆ ಎರಡು ಕಡೆ ಹಣ ತೆಗೆದುಕೊಂಡ ಹಾಗೆ ದಾಖಲೆ ಹೇಳುತ್ತದೆ. ಒಂದು ದಿನದ ಮೊತ್ತ ಸಣ್ಣದು, ಆದರೆ ಆಡಿಟ್ ಆಕ್ಷೇಪಣೆಗೆ ಅಷ್ಟು ಸಾಕು.

ಪತ್ರವನ್ನು ಕೊನೆಯ ದಿನಕ್ಕೆ ಎರಡು ವಾರ ಮೊದಲೇ ಗೈಡ್ ಕೈಗೆ ಕೊಡಿ. ಅದು ಗೈಡ್, ವಿಭಾಗದ ಮುಖ್ಯಸ್ಥರು, ಕುಲಸಚಿವರು ಎಂದು ಮೂರು ಮೇಜು ದಾಟಿ ದೆಹಲಿಗೆ ಹೋಗಬೇಕು. ನೇರವಾಗಿ ಯುಜಿಸಿಗೆ ಕಳಿಸಿದರೆ ಸಂಸ್ಥೆಯ ಮುಖಾಂತರ ಬರಲಿ ಎಂಬ ಉತ್ತರವೇ ಬರುವುದು. ಮೂರರಲ್ಲಿ ಒಂದು ಸಹಿ ರಜೆಯಲ್ಲಿರುತ್ತದೆ, ಇಲ್ಲವೇ ಮೀಟಿಂಗಿನಲ್ಲಿ. ಎರಡು ವಾರ ಬೇಕು ಎಂದದ್ದು ಅದಕ್ಕೇ. ಕುಲಸಚಿವರ ಕಚೇರಿಯ ಟಪಾಲು ವಿಭಾಗದಲ್ಲಿ ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಸೀಲು, ಸ್ವೀಕೃತಿ ಸಂಖ್ಯೆ, ತಾರೀಖು ಹಾಕಿಸಿಕೊಳ್ಳಿ. ಮುಂದೆ ಏನೇ ತಕರಾರು ಬಂದರೂ ನೀವು ಹೇಳಿದ್ದು ಯಾವ ದಿನ ಎಂಬುದಕ್ಕೆ ಆ ಪ್ರತಿಯೇ ಆಧಾರ.

ದೆಹಲಿಗೆ ಹೋಗುವ ಪತ್ರವನ್ನು ನಾನು ಇಂಗ್ಲಿಷಿನಲ್ಲೇ ಬರೆದೆ. ಅದರ ಒಕ್ಕಣೆ ಕನ್ನಡದಲ್ಲಿ ಹೀಗಿದೆ:

ಇವರಿಗೆ: ಕಾರ್ಯದರ್ಶಿಗಳು, ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಬಹದ್ದೂರ್ ಷಾ ಜಫರ್ ಮಾರ್ಗ, ನವದೆಹಲಿ 110002

ಮುಖಾಂತರ: ಸಂಶೋಧನಾ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಕುಲಸಚಿವರು

ವಿಷಯ: ಆಗಸ್ಟ್ 11ರ ಅಪರಾಹ್ನದಿಂದ ಜೂನಿಯರ್ ರಿಸರ್ಚ್ ಫೆಲೋಶಿಪ್‌ಗೆ ರಾಜೀನಾಮೆ ನೀಡುವ ಬಗ್ಗೆ

ಉಲ್ಲೇಖ: ಅವಾರ್ಡ್ ಲೆಟರ್ ಸಂಖ್ಯೆ ಮತ್ತು ದಿನಾಂಕ, ಫೆಲೋಶಿಪ್ ಪೋರ್ಟಲ್‌ನ ಗುರುತಿನ ಸಂಖ್ಯೆ, ಫೆಲೋ ಆಗಿ ಸೇರಿದ ದಿನಾಂಕ

ಮಾನ್ಯರೇ,

ಮೇಲಿನ ಉಲ್ಲೇಖದ ಫೆಲೋಶಿಪ್‌ನಡಿ ನಾನು ಈ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ವಿಭಾಗದಲ್ಲಿ ಪೂರ್ಣಾವಧಿ ಸಂಶೋಧನೆ ಮಾಡುತ್ತಿದ್ದೇನೆ. ಕರ್ನಾಟಕ ಸರ್ಕಾರದ ಕಾಲೇಜು ಶಿಕ್ಷಣ ಇಲಾಖೆಯಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನನ್ನ ನೇಮಕವಾಗಿದೆ. ಆದೇಶದ ಪ್ರತಿ ಲಗತ್ತಿಸಿದೆ. ಆಗಸ್ಟ್ 12ರ ಪೂರ್ವಾಹ್ನ ಆ ಹುದ್ದೆಗೆ ವರದಿ ಮಾಡಿಕೊಳ್ಳುವವನಿದ್ದೇನೆ. ಆದ್ದರಿಂದ ಆಗಸ್ಟ್ 11ರ ಅಪರಾಹ್ನದಿಂದ ಫೆಲೋಶಿಪ್‌ಗೆ ರಾಜೀನಾಮೆ ನೀಡುತ್ತಿದ್ದೇನೆ.

ಜುಲೈ ಕೊನೆಯವರೆಗಿನ ಫೆಲೋಶಿಪ್ ನನಗೆ ಸಂದಾಯವಾಗಿದೆ. ಆಗಸ್ಟ್ 1ರಿಂದ 11ರವರೆಗಿನ 11 ದಿನಗಳ ಫೆಲೋಶಿಪ್ ಬರಬೇಕಿದೆ. ಆಗಸ್ಟ್ 11ರ ನಂತರದ ಅವಧಿಗೆ ಯಾವುದೇ ಮೊತ್ತ ಜಮೆಯಾದರೆ ಅದನ್ನು ಹಿಂದಿರುಗಿಸುತ್ತೇನೆ. ಯಾವ ಖಾತೆಗೆ ಕಟ್ಟಬೇಕೆಂದು ದಯವಿಟ್ಟು ಲಿಖಿತವಾಗಿ ತಿಳಿಸಬೇಕು.

ನನ್ನ ರಾಜೀನಾಮೆಯನ್ನು ಅಂಗೀಕರಿಸಿ, ಅದನ್ನು ಖಚಿತಪಡಿಸುವ ಪತ್ರ ನೀಡಬೇಕೆಂದು ಕೋರುತ್ತೇನೆ. ಪಿಎಚ್‌ಡಿ ನೋಂದಣಿಯ ಬಗ್ಗೆ ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸಿದ್ದೇನೆ.

ಲಗತ್ತು: ಅವಾರ್ಡ್ ಲೆಟರ್, ನೇಮಕಾತಿ ಆದೇಶ, ಫೆಲೋ ಆಗಿ ಸೇರಿದ ವರದಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ

ಇಷ್ಟೇ, ಒಂದು ಪುಟ ಮೀರುವುದಿಲ್ಲ. ಇದರಲ್ಲಿ ಕೃತಜ್ಞತೆಗೆ ಒಂದು ಸಾಲು ಸೇರಿಸಿದರೆ ತಪ್ಪಿಲ್ಲ, ಆದರೆ ಸಂಶೋಧನೆಯ ಮಹತ್ವ, ಮನೆಯ ಕಷ್ಟ, ಇಷ್ಟು ವರ್ಷ ಪಟ್ಟ ಪಾಡು ಬೇಡ. ಈ ಪತ್ರವನ್ನು ಓದುವವರಿಗೆ ಬೇಕಾಗಿರುವುದು ಯಾರು, ಯಾವ ಅವಾರ್ಡ್, ಯಾವ ದಿನದಿಂದ, ಯಾವ ಕಾರಣಕ್ಕೆ ಎಂಬುದಷ್ಟೆ. ಕಾರಣವನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದರೆ ಯಾವ ಕಾರಣ, ಎಂದಿನಿಂದ ಎಂದು ವಿವರಣೆ ಕೇಳಿ ಕಡತ ಹಿಂದಕ್ಕೆ ಬರುತ್ತದೆ. ಅಷ್ಟರಲ್ಲಿ ಒಂದು ತಿಂಗಳು ಕಳೆದು ಇನ್ನೊಂದು ಕಂತು ಜಮೆಯಾಗಿರುತ್ತದೆ. ಕಾರಣ ನೌಕರಿಯಾಗಿದ್ದು ಅದನ್ನು ಮುಚ್ಚಿಟ್ಟು ‘ವೈಯಕ್ತಿಕ’ ಎಂದರೆ ಇನ್ನೂ ಕೆಟ್ಟದ್ದು. ಸೇವಾ ಪುಸ್ತಕದ ತಾರೀಖು ಒಂದಲ್ಲ ಒಂದು ದಿನ ಈ ಪತ್ರದ ಪಕ್ಕಕ್ಕೆ ಬಂದೇ ಬರುತ್ತದೆ.

ಅನಾರೋಗ್ಯಕ್ಕಾಗಿ ಬಿಡುವವರು ಬರೆಯಬೇಕಾದದ್ದು ಸ್ವಲ್ಪ ಬೇರೆ. ಕಾಯಿಲೆಯ ಪೂರ್ತಿ ಚರಿತ್ರೆ ಬೇಡ, ಸ್ಕ್ಯಾನಿಂಗ್ ವರದಿಗಳೂ ಬೇಡ. ಇಂಥ ತಿಂಗಳಿನಿಂದ ಚಿಕಿತ್ಸೆಯಲ್ಲಿದ್ದೇನೆ, ಪೂರ್ಣಾವಧಿ ಸಂಶೋಧನೆ ಮಾಡಲಾಗದು ಎಂದು ವೈದ್ಯರು ಹೇಳಿದ್ದಾರೆ ಎಂಬ ಎರಡು ಸಾಲು, ಜೊತೆಗೆ ವೈದ್ಯರ ಪ್ರಮಾಣಪತ್ರ ಸಾಕು. ಹಾಗೆಯೇ, ಚಿಕಿತ್ಸೆ ಶುರುವಾದ ಮೇಲೂ ಕೆಲಸ ಮಾಡಿದ್ದ ದಿನಗಳು ಯಾವುವು, ಮಾಡಲಾಗದೆ ಹೋದ ದಿನಗಳು ಯಾವುವು ಎಂದು ಗೈಡ್ ಜೊತೆ ಕೂತು ಮೊದಲೇ ತೀರ್ಮಾನಿಸಿಕೊಳ್ಳಿ. ಕೆಲಸಕ್ಕೇ ಬರದಿದ್ದ ತಿಂಗಳಿಗೆ ಹಾಜರಿ ದೃಢೀಕರಣ ಹೋಗಿದ್ದರೆ ಕೊನೆಯ ದಿನ ಆ ತಿಂಗಳಿಗಿಂತ ಹಿಂದಕ್ಕೆ ಸರಿಯುತ್ತದೆ, ಹಿಂದಿರುಗಿಸಬೇಕಾದ ಮೊತ್ತ ಹೆಚ್ಚುತ್ತದೆ. ಇದನ್ನು ನೀವೇ ಪತ್ರದಲ್ಲಿ ಹೇಳುವುದಕ್ಕೂ ಅವರು ಕಂಡುಹಿಡಿದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಈಗ ಹಣ ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡೋಣ. ಇದು ತಿಳಿಯದಿದ್ದರೆ ಪತ್ರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕ್ ನಡೆಸುವ ಪೋರ್ಟಲ್ ಮೂಲಕ ನೇರವಾಗಿ ನಮ್ಮ ಖಾತೆಗೆ ಬರುತ್ತದೆ. ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಇಬ್ಬರು ಇರುತ್ತಾರೆ. ಮೇಕರ್ ಎನ್ನುವವರು ತಿಂಗಳಿಗೊಮ್ಮೆ ಈ ಫೆಲೋ ಕೆಲಸ ಮುಂದುವರಿಸಿದ್ದಾರೆ ಎಂದು ನಮೂದಿಸುತ್ತಾರೆ, ಚೆಕರ್ ಅದನ್ನು ಒಪ್ಪುತ್ತಾರೆ. ಈ ದೃಢೀಕರಣ ಹೋದರೆ ಹಣ ಬರುತ್ತದೆ, ಹೋಗದಿದ್ದರೆ ಬರುವುದಿಲ್ಲ. ಅಂದರೆ ಹಣ ನಿಲ್ಲುವುದು ದೆಹಲಿಯಲ್ಲಿ ನಿಮ್ಮ ಪತ್ರ ಓದಿದಾಗಲ್ಲ, ನಿಮ್ಮದೇ ಕ್ಯಾಂಪಸ್ಸಿನ ಆ ಮೇಜಿನಲ್ಲಿ ನಿಮ್ಮ ಹೆಸರಿನ ಮುಂದೆ ನಮೂದು ಬದಲಾದಾಗ. ಆ ಮೇಜಿನವರು ನೂರಾರು ಹೆಸರಿನ ಪಟ್ಟಿಯನ್ನು ಒಟ್ಟಿಗೆ ಮುಗಿಸುತ್ತಾರೆ. ಯಾರೂ ಹೇಳದಿದ್ದರೆ ಹಿಂದಿನ ತಿಂಗಳ ಪಟ್ಟಿಯೇ ಈ ತಿಂಗಳಿಗೂ ಹೋಗುತ್ತದೆ, ಅದು ಸಹಜ.

ಹಾಗಾಗಿ ಕುಲಸಚಿವರಿಗೆ ಪತ್ರ ಕೊಟ್ಟ ದಿನವೇ ಒಂದು ಪ್ರತಿಯನ್ನು ಫೆಲೋಶಿಪ್ ಪೋರ್ಟಲ್ ನೋಡಿಕೊಳ್ಳುವ ಸಿಬ್ಬಂದಿಗೆ ಕೈಯಲ್ಲೇ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ‘ಆಗಸ್ಟ್ ತಿಂಗಳಿಗೆ 1ರಿಂದ 11ರವರೆಗೆ ಮಾತ್ರ, ಸೆಪ್ಟೆಂಬರ್‌ನಿಂದ ಏನೂ ಇಲ್ಲ’ ಎಂದು ಒಂದು ಸಾಲಿನ ಇಮೇಲ್ ಕೂಡ ಕಳಿಸಿ. ಹಳೆಯ ಬಾಕಿಗಳನ್ನು ತೀರಿಸಿಕೊಳ್ಳಬೇಕಾದದ್ದೂ ಇದೇ ಹೊತ್ತಿನಲ್ಲಿ. ತಪ್ಪಿಹೋದ ಒಂದು ತಿಂಗಳ ಫೆಲೋಶಿಪ್, ಮನೆ ಬಾಡಿಗೆ ಭತ್ಯೆ, ಪುಸ್ತಕ ಮುಂತಾದ ಖರ್ಚಿಗೆ ಕೊಡುವ ಕಂಟಿಂಜೆನ್ಸಿಯ ಬಿಲ್ಲು ಏನಿದ್ದರೂ ಹೆಸರು ಚಾಲ್ತಿಯಲ್ಲಿರುವಾಗಲೇ ಹಾಕಿಬಿಡಿ. ಮಾನವಿಕ ವಿಭಾಗದವರಿಗೆ ಮೊದಲ ಎರಡು ವರ್ಷ ಕಂಟಿಂಜೆನ್ಸಿ ವರ್ಷಕ್ಕೆ 10,000 ರೂಪಾಯಿ. ಆ ಹಣದಲ್ಲಿ ಕೊಂಡ ಪುಸ್ತಕಗಳನ್ನು ವಿಭಾಗಕ್ಕೆ ಒಪ್ಪಿಸಿ ಸ್ವೀಕೃತಿ ಪಡೆದರೆ ಬಾಕಿ ಇಲ್ಲದ ಪ್ರಮಾಣಪತ್ರ ಸಲೀಸಾಗಿ ಸಿಗುತ್ತದೆ. ಹೆಸರು ಮುಚ್ಚಿದ ಮೇಲೆ ಬಿಲ್ಲು ಹಿಡಿದು ಅಲೆಯುವುದು ಬಲು ಕಷ್ಟದ ಕೆಲಸ.

ನನ್ನ ವಿಷಯದಲ್ಲಿ ಆಗಸ್ಟ್ ಪೂರ್ತಿಯ 37,000 ಬಂತು, ಸೆಪ್ಟೆಂಬರಿನ 37,000 ಕೂಡ ಬಂತು. ನನ್ನ ಪತ್ರ ಕುಲಸಚಿವರ ಕಚೇರಿ ಮುಟ್ಟಿತ್ತು, ಪೋರ್ಟಲ್ ಮೇಜಿಗೆ ಮುಟ್ಟಿರಲಿಲ್ಲ. ಕೈಯಲ್ಲೇ ಕೊಡಿ ಎಂದು ಮೇಲೆ ಒತ್ತಿ ಬರೆದದ್ದು ಅದಕ್ಕಾಗಿಯೇ. ಲೆಕ್ಕ ಹೀಗೆ: ಆಗಸ್ಟಿಗೆ 31 ದಿನ. 37,000ವನ್ನು 31ರಿಂದ ಭಾಗಿಸಿ 11ರಿಂದ ಗುಣಿಸಿದರೆ 13,129 ರೂಪಾಯಿ, ಅದು ನನಗೆ ಸಲ್ಲಬೇಕಾದದ್ದು. ಆಗಸ್ಟಿನ ಉಳಿದ 23,871 ಮತ್ತು ಸೆಪ್ಟೆಂಬರಿನ ಪೂರ್ತಿ 37,000 ಸೇರಿ 60,871 ರೂಪಾಯಿ ಹಿಂದಿರುಗಿಸಬೇಕು. ಭಾಗಿಸುವಾಗ 30 ತೆಗೆದುಕೊಳ್ಳಬೇಡಿ, ಆ ತಿಂಗಳಿನ ನಿಜವಾದ ದಿನಗಳನ್ನೇ ತೆಗೆದುಕೊಳ್ಳಿ. ನಾನು ಹಾಸ್ಟೆಲಿನಲ್ಲಿದ್ದುದರಿಂದ ಮನೆ ಬಾಡಿಗೆ ಭತ್ಯೆ ಇರಲಿಲ್ಲ. ಅದು ಬರುತ್ತಿದ್ದವರು ಅದನ್ನೂ ಇದೇ ಲೆಕ್ಕದಲ್ಲಿ ಒಡೆಯಬೇಕು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಿಂದ ಸಹಿ ಮಾಡಿಸಿಕೊಂಡೆ. ಮೊತ್ತವನ್ನು ನಾವೇ ಊಹಿಸಿ ಕಟ್ಟಿದರೆ ಮುಂದೆ ಹತ್ತೋ ಇಪ್ಪತ್ತೋ ರೂಪಾಯಿ ವ್ಯತ್ಯಾಸಕ್ಕೆ ಕಡತ ಮತ್ತೆ ತೆರೆದುಕೊಳ್ಳುತ್ತದೆ.

ಹೆಚ್ಚು ಬಂದ ಹಣ ಖಾತೆಯಲ್ಲಿ ಕಂಡ ದಿನವೇ ಇನ್ನೊಂದು ಪತ್ರ ಬರೆಯಬೇಕು: ಇಂಥ ತಾರೀಖು ಇಷ್ಟು ಜಮೆಯಾಗಿದೆ, ಇದು ನನಗೆ ಸಲ್ಲುವುದಲ್ಲ, ಎಲ್ಲಿ ಕಟ್ಟಲಿ ಎಂದು. ಆ ಮೊತ್ತವನ್ನು ಖರ್ಚು ಮಾಡದೆ ಹಾಗೇ ಬಿಡಿ. ಲಿಖಿತ ಉತ್ತರ ಬರುವ ಮೊದಲು ಯಾರೋ ಫೋನಿನಲ್ಲಿ ಹೇಳಿದ ಖಾತೆಗೆ ಕಳಿಸಬೇಡಿ, ಸಿಬ್ಬಂದಿಯ ಕೈಗೆ ನಗದಾಗಿಯಂತೂ ಬೇಡವೇ ಬೇಡ. ಕೇಂದ್ರದ ಕೆಲವು ಇಲಾಖೆಗಳು ಭಾರತಕೋಶ ಪೋರ್ಟಲ್ ಮೂಲಕ ಕಟ್ಟಿಸಿಕೊಳ್ಳುತ್ತವೆ, ಕೆಲವು ಸಂಸ್ಥೆಗಳು ತಮ್ಮದೇ ಖಾತೆ ಕೊಡುತ್ತವೆ. ಯಾವ ದಾರಿ ಎಂಬುದು ಅವರ ಪತ್ರದಲ್ಲೇ ಬರಲಿ. ನೆಫ್ಟ್ ಮಾಡುವಾಗ ವಿವರಣೆಯ ಜಾಗದಲ್ಲಿ ಪೋರ್ಟಲ್‌ನ ಗುರುತಿನ ಸಂಖ್ಯೆ ಮತ್ತು ‘ಜೆಆರ್‌ಎಫ್ ರೀಫಂಡ್’ ಎಂದು ಹಾಕಿ. ಅದಿಲ್ಲದೆ ಹೋದ ಹಣ ಯಾರದೆಂದು ಅವರಿಗೆ ತಿಳಿಯುವುದಿಲ್ಲ. ಕಟ್ಟಿದ್ದು ನಿಜವಾದರೂ ನಿಮ್ಮ ಹೆಸರಿನಲ್ಲಿ ಬಾಕಿ ಹಾಗೇ ನಿಲ್ಲುತ್ತದೆ. ಕಟ್ಟಿದ ಮೇಲೆ ಆ ವರ್ಗಾವಣೆಗೆ ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆ, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟ, ಲೆಕ್ಕದ ಹಾಳೆ ಮೂರನ್ನೂ ಲಗತ್ತಿಸಿ, ಸ್ವೀಕೃತಿ ಕೊಡಿ ಎಂದು ಮೂರನೇ ಪತ್ರ ಕಳಿಸಿದೆ. ಎಲ್ಲವೂ ಹಿಂದಿನ ಹಾಗೇ ಕುಲಸಚಿವರ ಮುಖಾಂತರವೇ ಹೋಯಿತು.

ಫೆಲೋಶಿಪ್ ಬರುತ್ತಿದ್ದ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ. ಕೆಲಸದ ಊರಿಗೆ ಹೋದ ಕೂಡಲೇ ಅಲ್ಲಿ ಸಂಬಳದ ಖಾತೆ ತೆರೆದು ಇದನ್ನು ಮುಚ್ಚಿಬಿಡುವವರಿದ್ದಾರೆ. ಬರಬೇಕಾದ ಹಿಂಬಾಕಿ ಬಂದರೂ ಆ ಖಾತೆಗೇ ಬರುವುದು. ಮುಚ್ಚಿದ್ದರೆ ಹಣ ಹಿಂದಕ್ಕೆ ಹೋಗಿ ಪೋರ್ಟಲ್‌ನಲ್ಲಿ ಖಾತೆ ಬದಲಾಯಿಸಲು ಮತ್ತೆ ಮೇಕರ್ ಬಳಿ ಹೋಗಬೇಕು, ಆ ಹೊತ್ತಿಗೆ ನಿಮ್ಮ ಹೆಸರು ಚಾಲ್ತಿ ಪಟ್ಟಿಯಲ್ಲಿ ಇರುವುದಿಲ್ಲ.

ದೆಹಲಿಯಿಂದ ಅಂಗೀಕಾರದ ಪತ್ರ ಬರಲು ತಿಂಗಳುಗಳಾಗಬಹುದು. ಅದಕ್ಕಾಗಿ ಕೆಲಸಕ್ಕೆ ಸೇರುವುದನ್ನು ಮುಂದೂಡುವ ಅಗತ್ಯವಿಲ್ಲ. ಹೊಸ ಕಾಲೇಜಿಗೆ ಬೇಕಾದದ್ದು ವಿಶ್ವವಿದ್ಯಾಲಯದ ಬಿಡುಗಡೆ ಪತ್ರ. ಅದಕ್ಕೆ ಪತ್ರ ಕೊಟ್ಟ ಸ್ವೀಕೃತಿಯ ಪ್ರತಿಯನ್ನೂ ಸೇರಿಸಿ ಕೊಟ್ಟೆ, ಅವರು ಇನ್ನೇನನ್ನೂ ಕೇಳಲಿಲ್ಲ. ಎರಡು ತಿಂಗಳಾದರೂ ಉತ್ತರವಿಲ್ಲದಿದ್ದರೆ ಸ್ವೀಕೃತಿ ಸಂಖ್ಯೆ ನಮೂದಿಸಿ ಜ್ಞಾಪನಾ ಪತ್ರ ಕಳಿಸಿ, ಜೊತೆಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದಿರುವ ಸ್ಥಿತಿಯನ್ನು ಮೇಕರ್‌ರಿಂದ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಅದರಲ್ಲಿ ಕೊನೆಯ ಪಾವತಿ ಯಾವ ತಿಂಗಳಿನದು ಎಂಬುದು ನೇರವಾಗಿ ಕಾಣುತ್ತದೆ. ಮೂರು ಪತ್ರಗಳು, ಬಿಡುಗಡೆ ಪತ್ರ, ಲೆಕ್ಕದ ಹಾಳೆ, ಯುಟಿಆರ್ ಪುಟ, ಈ ಪ್ರಿಂಟ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಸೇವಾ ದಾಖಲೆಗಳ ಜೊತೆ ಇಟ್ಟಿದ್ದೇನೆ. ಪಿಎಚ್‌ಡಿ ಪ್ರಬಂಧ ಸಲ್ಲಿಸುವಾಗ ಹಣಕಾಸು ವಿಭಾಗ ಬಾಕಿ ಇಲ್ಲದ ಪ್ರಮಾಣಪತ್ರ ಕೇಳುತ್ತದೆ, ಆಗ ಆ ಮೇಜಿನಲ್ಲಿ ಬೇರೆಯವರು ಕೂತಿರುತ್ತಾರೆ.